ಒಂದು ಪುಟ್ಟ ಸರೋವರದ ಜಮಾಖರ್ಚು

ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಒಂದು ಚಿತ್ರವಿರುತ್ತದೆ. ಕೆಳಗೆ ಹುಲ್ಲು, ಅದರ ಮೇಲೆ ಮಿಡತೆ, ಮಿಡತೆಯ ಮೇಲೆ ಕಪ್ಪೆ, ಕಪ್ಪೆಯ ಮೇಲೆ ಹಾವು. ಪಕ್ಕದಲ್ಲಿ ಅಂಕಿಗಳು: 10,000, 1,000, 100, 10. ಒಂದು ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ ಆಹಾರದ ಶಕ್ತಿಯಲ್ಲಿ ಹತ್ತರಲ್ಲೊಂದು ಪಾಲು ಮಾತ್ರವೇ ಏರುತ್ತದೆಂದು ಅಧ್ಯಾಪಕರು ಹೇಳುತ್ತಾರೆ. ಮಕ್ಕಳು ಒಂದೊಂದೇ ಸೊನ್ನೆಯನ್ನು ಅಳಿಸುತ್ತ ಲೆಕ್ಕವನ್ನು ಮುಗಿಸಿಬಿಡುತ್ತಾರೆ. ಆದರೆ ಮನೆಗೆ ಬಂದ ಮಗಳು, “ಅಪ್ಪಾ, ಹತ್ತೇ ಏಕೆ? ಉಳಿದ ತೊಂಬತ್ತು ಎಲ್ಲಿಗೆ ಹೋಯಿತು?” ಎಂದು ಕೇಳಿದರೆ ತಂದೆ ಏನು ಉತ್ತರ ಕೊಡಬೇಕು? ಹಾಗೆಯೇ ಕೇಳಿ, ಉತ್ತರಕ್ಕಾಗಿ ಐದು ವರ್ಷ ಕೆಸರಿನಲ್ಲಿ ದುಡಿದ ತರುಣನೊಬ್ಬನಿದ್ದನು. ಆತನ ಹೆಸರು ರೇಮಂಡ್ ಲಿಂಡೆಮನ್.

ಮುಪ್ಪಾಗುತ್ತಿದ್ದ ಸರೋವರ

ಅಮೆರಿಕದ ಮಿನೆಸೋಟ ಸಂಸ್ಥಾನದಲ್ಲಿ, ಮಿನಿಯಾಪೊಲಿಸ್ ನಗರದಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಸೀಡರ್ ಬಾಗ್ ಎಂಬ ಪುಟ್ಟ ಸರೋವರವಿದೆ. ನೀರಿನ ಆಳ ಹೆಚ್ಚೆಂದರೆ ಒಬ್ಬ ಮನುಷ್ಯನ ಸೊಂಟದವರೆಗೆ. ಅದರ ಕೆಳಗೆ ಮೆತ್ತನೆಯ ಕೆಸರು. ಚಳಿಗಾಲದಲ್ಲಿ ಮೇಲೆಲ್ಲ ಹಿಮಗಡ್ಡೆ ಕಟ್ಟುತ್ತದೆ. ಲಿಂಡೆಮನ್ ಮಿನೆಸೋಟ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿ ಈ ಸರೋವರವನ್ನೇ ತನ್ನ ಸಂಶೋಧನೆಗೆ ಆರಿಸಿಕೊಂಡನು. ಆತನು ಋತುಋತುವಿಗೂ ನೀರನ್ನು ಸೋಸಿ, ಕೆಸರನ್ನು ಎತ್ತಿ, ಅದರಲ್ಲಿನ ಪಾಚಿ, ನೀರುಗಿಡ, ಹುಳು, ಕೀಟಗಳ ಮರಿಗಳನ್ನು ಬೇರ್ಪಡಿಸಿ ಲೆಕ್ಕ ಹಾಕಿದನು. ಪತ್ನಿ ಎಲಿನರ್ ಈ ಕೆಲಸದಲ್ಲಿ ಆತನಿಗೆ ಜೊತೆಯಾಗಿ ನೆರವಾದಳು.

ಯಾವ ಪ್ರಾಣಿ ಯಾವುದನ್ನು ತಿನ್ನುತ್ತದೆಂಬುದು ಆ ಹೊತ್ತಿಗೆ ಹೊಸ ವಿಷಯವಾಗಿರಲಿಲ್ಲ. ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್ 1927ರಲ್ಲಿಯೇ ಆಹಾರದ ಸರಪಳಿಗಳ ಬಗ್ಗೆ ವಿವರವಾಗಿ ಬರೆದಿದ್ದರು. ಆದರೆ ನಿಸರ್ಗದಲ್ಲಿ ಸರಪಳಿಯೊಂದು ಒಂಟಿಯಾಗಿ ಎಲ್ಲಿಯೂ ಇರುವುದಿಲ್ಲ. ಒಂದೇ ಪಾಚಿಯನ್ನು ಹತ್ತು ಜೀವಿಗಳು ತಿನ್ನುತ್ತವೆ. ಒಂದೇ ಮೀನು ಪಾಚಿಯನ್ನೂ ತಿನ್ನುತ್ತದೆ, ಹುಳುವನ್ನೂ ತಿನ್ನುತ್ತದೆ. ಸತ್ತದ್ದೆಲ್ಲ ಕೆಸರಿಗೆ ಬೀಳುತ್ತದೆ, ಕೆಸರನ್ನು ತಿಂದು ಬದುಕುವ ಜೀವಿಗಳು ಮತ್ತೆ ಇನ್ನೊಂದರ ಬಾಯಿಗೆ ಬೀಳುತ್ತವೆ. ಎಳೆಗಳು ಹೀಗೆ ಹೆಣೆದುಕೊಂಡು ಬಲೆಯಾಗುತ್ತವೆ. ಲಿಂಡೆಮನ್ ತನ್ನ ಸರೋವರದ ಆಹಾರಜಾಲವನ್ನು ಚಿತ್ರಿಸಿದಾಗ ಅದರ ನಟ್ಟನಡುವೆ ಇರಿಸಿದ್ದು ಮೀನನ್ನಲ್ಲ, ಆಮೆಯನ್ನಲ್ಲ, ತಳದ ಕೆಸರನ್ನು.

ಈ ಸಿಕ್ಕನ್ನು ಬಿಡಿಸಲು ಆತನು ಕಂಡುಕೊಂಡ ಉಪಾಯ ಸರಳವಾದದ್ದು. ಹುಳುವನ್ನು ಹುಳುವೆಂದೂ ಪಾಚಿಯನ್ನು ಪಾಚಿಯೆಂದೂ ಎಣಿಸುವುದನ್ನು ಬಿಟ್ಟು, ಎಲ್ಲವನ್ನೂ ಕ್ಯಾಲೊರಿಗೆ ತಿರುಗಿಸಿದನು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿಯಷ್ಟು ಬಿಸಿಮಾಡುವ ಶಾಖವೇ ಒಂದು ಕ್ಯಾಲೊರಿ. ನಾಣ್ಯವೊಂದೇ ಆದಮೇಲೆ ಲೆಕ್ಕ ಸುಲಭ. ಬಿಸಿಲಿನಿಂದ ಆಹಾರವನ್ನು ತಯಾರಿಸುವ ಸಸ್ಯಗಳದ್ದು ಮೊದಲ ಸ್ತರ, ಸಸ್ಯಾಹಾರಿಗಳದ್ದು ಎರಡನೆಯದು, ಅವುಗಳನ್ನು ತಿನ್ನುವ ಮಾಂಸಾಹಾರಿಗಳದ್ದು ಮೂರನೆಯದು.

ಉಗುರಗಲದ ಲೆಕ್ಕಪತ್ರ

ಲೆಕ್ಕಕ್ಕೆ ಆತನು ತೆಗೆದುಕೊಂಡದ್ದು ಒಂದು ಚದರ ಸೆಂಟಿಮೀಟರ್ ಜಾಗ, ಒಂದು ವರ್ಷದ ಅವಧಿ. ಹೆಬ್ಬೆರಳಿನ ಉಗುರಿನಷ್ಟು ನೀರಿನ ಮೇಲೆ ವರ್ಷವೊಂದರಲ್ಲಿ ಬಿದ್ದ ಬಿಸಿಲು 1,18,872 ಕ್ಯಾಲೊರಿ. ಅದರಲ್ಲಿ ಸಸ್ಯಗಳು ಹಿಡಿದಿಟ್ಟುಕೊಂಡದ್ದು ಬರಿಯ 111. ಎಂದರೆ ಸಾವಿರಕ್ಕೆ ಒಂದು ಪಾಲು! ಶಾಲೆಯ ಮಕ್ಕಳು ಮೊದಲು ಎಡವುವುದು ಇಲ್ಲಿಯೇ. ಹತ್ತರಲ್ಲೊಂದು ಎಂಬ ಮಾತು ಸಸ್ಯದಿಂದ ಮೇಲಕ್ಕೆ ಅನ್ವಯಿಸುತ್ತದೆಯೇ ಹೊರತು, ಬಿಸಿಲಿನಿಂದ ಸಸ್ಯಕ್ಕೆ ಬರುವ ಮೆಟ್ಟಿಲಿಗಲ್ಲ.

ಈ 111 ಕ್ಯಾಲೊರಿಗಳ ಜಮೆಗೆ ಖರ್ಚು ಹೇಗಾಯಿತು? ಸಸ್ಯಗಳೂ ಉಸಿರಾಡಬೇಕು, ತಮ್ಮ ಜೀವವನ್ನು ನಡೆಸಿಕೊಳ್ಳಲು ಅವು 23 ಕ್ಯಾಲೊರಿಗಳನ್ನು ಉರಿಸಿದವು. ಸುಮಾರು 3 ಕೊಳೆತುಹೋಯಿತು. ಸಸ್ಯಾಹಾರಿಗಳ ಪಾಲಿಗೆ ಬಂದದ್ದು 15ಕ್ಕೆ ಸ್ವಲ್ಪ ಕಡಿಮೆ. ಉಳಿದ 70? ಅದನ್ನು ಯಾರೂ ಮುಟ್ಟಲಿಲ್ಲ. ತಿನ್ನುವವರಿಲ್ಲದೆ ಬಾಡಿ, ಸತ್ತು, ತಳಕ್ಕೆ ಇಳಿದು ಕೆಸರಾಯಿತು.

ಮಗಳ ಪ್ರಶ್ನೆಗೆ ಉತ್ತರದ ಹೆಚ್ಚಿನ ಭಾಗ ಇಲ್ಲಿದೆ. ‘ಉಳಿದ ಶೇಕಡ ತೊಂಬತ್ತು ಶಾಖವಾಗಿ ಹೋಗುತ್ತದೆ’ ಎಂದು ಬರೆದು ಅಂಕ ಪಡೆಯುವುದು ವಾಡಿಕೆ. ಸೀಡರ್ ಬಾಗ್‌ನಲ್ಲಿ ಶಾಖವಾಗಿ ಹೋದದ್ದು ಐದರಲ್ಲೊಂದು ಪಾಲು ಮಾತ್ರ. ಅರ್ಧಕ್ಕಿಂತಲೂ ಹೆಚ್ಚಾಗಿ ಸೋರಿದ್ದು ತಿನ್ನದೇ ಉಳಿದದ್ದರಿಂದ. ಸರೋವರವು ವರ್ಷೇ ವರ್ಷೇ ಹೂಳಿನಿಂದ ತುಂಬಿ ಮುಪ್ಪಾಗುತ್ತಿದ್ದುದಕ್ಕೂ ಇದೇ ಕಾರಣ. ಹಳೆಯ ಬೇಸಿಗೆಗಳ ಬಿಸಿಲೇ ಅಲ್ಲಿ ಪದರ ಪದರವಾಗಿ ತಳದಲ್ಲಿ ಕುಳಿತಿತ್ತು.

ಎರಡನೆಯ ಸ್ತರದ ಕಥೆ ತುಸು ಬೇರೆ. ಸಸ್ಯಾಹಾರಿಗಳಿಗೆ ದೊರೆತ 14.8ರಲ್ಲಿ 4.4 ಉಸಿರಾಟಕ್ಕೆ, 0.3 ಕೊಳೆಯುವಿಕೆಗೆ, 7 ಯಾರ ಬಾಯಿಗೂ ಬೀಳದೆ ತಳಕ್ಕೆ. ಮಾಂಸಾಹಾರಿಗಳಿಗೆ ದಕ್ಕಿದ್ದು 3.1. ಆ 3.1ರಲ್ಲಿಯೂ 1.8 ಉಸಿರಾಟಕ್ಕೇ ಹೋಯಿತು. ಸಸ್ಯ ತನ್ನ ವರಮಾನದ ಐದರಲ್ಲೊಂದನ್ನು ಉರಿಸಿದರೆ, ಸಸ್ಯಾಹಾರಿ ಹತ್ತರಲ್ಲಿ ಮೂರನ್ನು, ಮಾಂಸಾಹಾರಿ ಅರ್ಧಕ್ಕೂ ಮಿಗಿಲಾದುದನ್ನು ಉರಿಸಿತು. ಇದಕ್ಕೆ ಕಾರಣವೂ ಸ್ಪಷ್ಟ. ಗಿಡವು ನಿಂತಲ್ಲಿಯೇ ಉಣ್ಣುತ್ತದೆ; ಬೇಟೆಗಾರ ಪ್ರಾಣಿಗೆ ಓಡಾಟವೇ ದೊಡ್ಡ ಖರ್ಚು.

ಸರಪಳಿ ಏಕೆ ಉದ್ದವಾಗುವುದಿಲ್ಲವೆಂಬುದೂ ಇದರಿಂದ ತಿಳಿಯುತ್ತದೆ. ಮಾಂಸಾಹಾರಿಯನ್ನು ತಿನ್ನುವ ಇನ್ನೊಂದು ಪ್ರಾಣಿ ಇದೆಯೆಂದು ಭಾವಿಸಿ, ಅದಕ್ಕೆ ಹತ್ತರಲ್ಲೊಂದು ಪಾಲು ಕೊಡೋಣ: ಉಗುರಗಲಕ್ಕೆ 0.31 ಕ್ಯಾಲೊರಿ. ಅಲ್ಲಿನ ಸಸ್ಯಗಳು ಒಂದು ಉಗುರಗಲದಲ್ಲಿ ಗಳಿಸುವಷ್ಟು ಶಕ್ತಿಯನ್ನು ಈ ಪ್ರಾಣಿ ಸುಮಾರು 360 ಉಗುರಗಲವನ್ನು ಸುತ್ತಿ ಕೂಡಿಹಾಕಬೇಕು. ಇನ್ನೊಂದು ಮೆಟ್ಟಿಲು ಏರಿದರೆ 3,600. ಸುತ್ತಾಟದ ಖರ್ಚೇ ಗಳಿಕೆಯನ್ನು ಮೀರುವ ಹಂತದಲ್ಲಿ ಸರಪಳಿ ನಿಂತುಬಿಡುತ್ತದೆ.

ಹತ್ತೆಂಬ ಅಂಕಿ

ಈಗ ಭಾಗಾಕಾರ ಮಾಡಿ ನೋಡಿದರೆ ಅಚ್ಚರಿಯಾಗುತ್ತದೆ. ಸಸ್ಯದಿಂದ ಸಸ್ಯಾಹಾರಿಗೆ ಏರಿದ್ದು ಶೇಕಡ 13. ಸಸ್ಯಾಹಾರಿಯಿಂದ ಮಾಂಸಾಹಾರಿಗೆ ಶೇಕಡ 20ಕ್ಕೂ ಹೆಚ್ಚು. ಹತ್ತು ಎಲ್ಲಿಯೂ ಇಲ್ಲ! ವಿಸ್ಕಾನ್ಸಿನ್ ಸಂಸ್ಥಾನದ ಮೆಂಡೋಟ ಸರೋವರದ ಅಂಕಿಗಳನ್ನು ಲಿಂಡೆಮನ್ ಇದೇ ಬಗೆಯಲ್ಲಿ ಜೋಡಿಸಿದಾಗ ಮೂರು ಮೆಟ್ಟಿಲುಗಳಿಗೆ 8.7, 5.5, 13 ಎಂದು ಬಂದಿತು. ಫ್ಲಾರಿಡದ ಸಿಲ್ವರ್ ಸ್ಪ್ರಿಂಗ್ಸ್ ಎಂಬ ಚಿಲುಮೆಯ ಲೆಕ್ಕವನ್ನು ಹೊವರ್ಡ್ ಓಡಮ್ 1957ರಲ್ಲಿ ಪ್ರಕಟಿಸಿದರು. ಅಲ್ಲಿ ಸುಮಾರು 16, 11, 6.

ಆದುದರಿಂದ ಹತ್ತೆಂಬುದು ನಿಸರ್ಗದ ಶಾಸನವಲ್ಲ. ಐದರಿಂದ ಇಪ್ಪತ್ತರವರೆಗೆ ಹರಡಿಕೊಂಡ ಅಂಕಿಗಳ ನಡುವೆ, ನೆನಪಿಡಲು ಸುಲಭವಾದ ಒಂದು ಮಧ್ಯಸ್ಥಾನ, ಅಷ್ಟೆ. ತಿನ್ನುವವರು ಎಷ್ಟು ಮಂದಿ, ಆಹಾರ ಎಷ್ಟು ಜೀರ್ಣವಾಗುವಂಥದು, ಪ್ರಾಣಿಯ ಉಸಿರಾಟದ ಖರ್ಚೆಷ್ಟು ಎಂಬುದನ್ನು ಅನುಸರಿಸಿ ಅದು ಏರುತ್ತದೆ, ಇಳಿಯುತ್ತದೆ.

ಆದರೂ ಬಲೆಯ ಲೆಕ್ಕವನ್ನು ಬಿಡಿಸಲು ಹತ್ತು ಉಪಯೋಗಕ್ಕೆ ಬರುತ್ತದೆ. ಒಂದು ಮೀನು 10 ಪಾಲು ಶಕ್ತಿಯನ್ನು ಪಾಚಿಯಿಂದಲೂ, ಇನ್ನೊಂದು 10 ಪಾಲನ್ನು ಪಾಚಿ ತಿನ್ನುವ ಹುಳುವಿನಿಂದಲೂ ಪಡೆಯಿತೆನ್ನೋಣ. ಮೊದಲನೆಯದಕ್ಕೆ 100 ಪಾಲು ಪಾಚಿ ಬೇಕು. ಎರಡನೆಯದಕ್ಕೆ 100 ಪಾಲು ಹುಳು. ಆ ಹುಳುವಿಗೆ 1,000 ಪಾಲು ಪಾಚಿ. ಹೊಟ್ಟೆಗೆ ಸೇರಿದ್ದು ಸಮಸಮ. ಸರೋವರಕ್ಕೆ ತಗಲಿದ ವೆಚ್ಚ ಒಂದಕ್ಕೆ ಹತ್ತು. ಈ ಮೀನು ಎರಡನೆಯ ಸ್ತರದ್ದೋ ಮೂರನೆಯದೋ? ಅರ್ಧ ಅಲ್ಲಿ, ಅರ್ಧ ಇಲ್ಲಿ ಎನ್ನುವುದೇ ಸರಿಯಾದ ಉತ್ತರ.

ತಿರಸ್ಕಾರ ಮತ್ತು ಪ್ರಕಟಣೆ

1941ರಲ್ಲಿ ಡಾಕ್ಟರೇಟ್ ಪಡೆದ ಲಿಂಡೆಮನ್ ಯೇಲ್ ವಿಶ್ವವಿದ್ಯಾಲಯದ ಪ್ರೊಫೆಸರ್ ಈವ್ಲಿನ್ ಹಚಿನ್ಸನ್ ಅವರ ಬಳಿ ಸೇರಿ, ತನ್ನ ಲೆಕ್ಕವನ್ನೆಲ್ಲ ಒಂದು ಪ್ರಬಂಧವಾಗಿ ಬರೆದು ‘ಇಕಾಲಜಿ’ ಪತ್ರಿಕೆಗೆ ಕಳುಹಿಸಿದನು. ಪರಿಶೀಲಿಸಿದ ಇಬ್ಬರು ಹಿರಿಯ ಸರೋವರ ವಿಜ್ಞಾನಿಗಳೂ ಪ್ರಕಟಣೆ ಬೇಡವೆಂದರು. ಸಿದ್ಧಾಂತ ದೊಡ್ಡದು, ಅದಕ್ಕೆ ಆಧಾರವಾದ ಮಾಹಿತಿ ಸಾಲದು ಎಂಬುದು ಅವರ ಆಕ್ಷೇಪಣೆ. ಆಕ್ಷೇಪಣೆಯಲ್ಲಿ ನ್ಯಾಯವಿಲ್ಲದೆ ಇರಲಿಲ್ಲ. ಉಸಿರಾಟದ ಖರ್ಚನ್ನು ಲಿಂಡೆಮನ್ ತನ್ನ ಸರೋವರದಲ್ಲಿಯೇ ಅಳೆಯದೆ, ಇತರರ ಪ್ರಯೋಗಗಳಿಂದ ಎರವಲು ಪಡೆದಿದ್ದನು. ವಿಚಿತ್ರವೆಂದರೆ, ಹಾಗೆ ತಿರಸ್ಕರಿಸಿದವರಲ್ಲಿ ಒಬ್ಬರಾದ ಚಾನ್ಸಿ ಜೂಡೆ ಅವರೇ ಮೆಂಡೋಟ ಸರೋವರದ ಅಂಕಿಗಳನ್ನು ಕಲೆಹಾಕಿದ್ದವರು!

ಹಚಿನ್ಸನ್ ಸುಮ್ಮನಾಗಲಿಲ್ಲ. ಶಿಷ್ಯನ ಪರವಾಗಿ ಸಂಪಾದಕರಿಗೆ ಪತ್ರ ಬರೆದರು. ಸಂಪಾದಕ ಥಾಮಸ್ ಪಾರ್ಕ್, ಪರಿಶೀಲಕರ ಮಾತನ್ನು ಮೀರಿ, ತಿದ್ದಿ ಬರೆದ ಪ್ರಬಂಧವನ್ನು ಸ್ವೀಕರಿಸಿದರು. ಆದರೆ ಲಿಂಡೆಮನ್ ಅಷ್ಟರಲ್ಲಿಯೇ ಯಕೃತ್ತಿನ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದನು. 1942ರ ಜೂನ್ 29ರಂದು, 27 ವರ್ಷ ತುಂಬುವ ಮೊದಲೇ ತೀರಿಕೊಂಡನು. ಪ್ರಬಂಧ ಅಚ್ಚಾಗಿ ಹೊರಬಂದದ್ದು ಅಕ್ಟೋಬರಿನಲ್ಲಿ; ಅದರ ಕೊನೆಯಲ್ಲಿ ಗುರುಗಳು ಶಿಷ್ಯನ ಮರಣವಾರ್ತೆಯನ್ನು ಸೇರಿಸಿ ಬರೆಯಬೇಕಾಯಿತು.

ಮುಂದೆ ಬಂದವರು ಆತನ ಅಂಕಿಗಳನ್ನು ತಿದ್ದಿದರು. ಲೆಕ್ಕದ ಕ್ರಮವನ್ನು ಮಾತ್ರ ಉಳಿಸಿಕೊಂಡರು. ಪಠ್ಯಪುಸ್ತಕದ ಹಾವು, ಕಪ್ಪೆ, ಮಿಡತೆಗಳ ಪಕ್ಕದಲ್ಲಿ ಇಂದು ಅಂಕಿಗಳು ನಿಂತಿರುವುದು ಆ ಕ್ರಮದಿಂದಲೇ. ಮಗಳಿಗೆ ಉತ್ತರ ಹೇಳಬೇಕಾದ ತಂದೆಯೂ ಅದನ್ನೇ ಅನುಸರಿಸಬಹುದು: ತಿನ್ನದೆ ಉಳಿದದ್ದೆಷ್ಟು, ಉಸಿರಾಟಕ್ಕೆ ಉರಿದದ್ದೆಷ್ಟು, ಕೊಳೆತದ್ದೆಷ್ಟು ಎಂದು ಮೂರು ಸಾಲು ಬರೆದು, ನಾಲ್ಕನೆಯ ಸಾಲಿನಲ್ಲಿ ಮೇಲಕ್ಕೆ ಏರಿದ್ದನ್ನು ಬರೆಯಲಿ. ನಾಲ್ಕೂ ಕೂಡಿದಾಗ ಮೊದಲಿನ ಜಮೆಯೇ ಬರಬೇಕು. ಬಾರದಿದ್ದರೆ, ಕಾಣೆಯಾದದ್ದನ್ನು ಹುಡುಕಲು ತಳದ ಕೆಸರನ್ನು ಕೆದಕಿ ನೋಡಬೇಕು.