ಕಾಫಿ ಲಾಭದ ತೆರಿಗೆ ಯಾರಿಗೆ?

ಭಾರತದಲ್ಲಿ ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲದಿರುವುದು ರೈತರ ಮೇಲಿನ ಕನಿಕರದಿಂದಷ್ಟೇ ಅಲ್ಲ. ಆ ಅಧಿಕಾರವನ್ನು 1935ರ ಕಾಯ್ದೆ ಪ್ರಾಂತ್ಯಗಳಿಗೆ ಕೊಟ್ಟಿತ್ತು. ಸಂವಿಧಾನವೂ ರಾಜ್ಯಗಳಿಗೇ ಬಿಟ್ಟಿತು.

ಗೆರೆ ಎಲ್ಲಿ ಬೀಳುತ್ತದೆಂದು ಕಾಫಿಯಲ್ಲಿ ನೋಡಬಹುದು. ಬೆಳೆಗಾರ ಹಣ್ಣು ಒಣಗಿಸಿ ಹಾಗೇ ಮಾರಿದರೆ ಲಾಭವೆಲ್ಲ ಕೃಷಿಯದು. ತಾನೇ ಕ್ಯೂರಿಂಗ್ ಮಾಡಿ ಮಾರಿದರೆ ನೂರು ರೂಪಾಯಿ ಲಾಭದಲ್ಲಿ 25 ರೂಪಾಯಿ ಕೇಂದ್ರದ ತೆರಿಗೆ ಲೆಕ್ಕಕ್ಕೆ ಬರುತ್ತದೆ. ಹುರಿದು ಪುಡಿ ಮಾಡಿದರೆ 40.

1972ರಲ್ಲಿ ಕೆ.ಎನ್. ರಾಜ್ ಸಮಿತಿ ಹಿಡುವಳಿಯ ಮೇಲೆ ಏರಿಕೆ ದರದ ತೆರಿಗೆ ಸೂಚಿಸಿತು. ಅದು ಜಾರಿಯಾಗಲಿಲ್ಲ. ಮತದ ಭಯವಂತೂ ಇದ್ದೇ ಇದೆ. ಆದರೆ ರಸೀದಿಯಿಲ್ಲದ ಸಂತೆ ವ್ಯಾಪಾರವನ್ನು, ಮಳೆ ಕೈಕೊಟ್ಟ ವರ್ಷದ ನಷ್ಟವನ್ನು ಅಳೆಯುವುದೂ ಸುಲಭವಲ್ಲ. ಇದೇ ಮಬ್ಬಿನಲ್ಲಿ ಪೇಟೆಯ ಕಪ್ಪುಹಣ ಬೆಳೆಯ ಹೆಸರು ಹೊತ್ತು ಬರುತ್ತದೆ.