ಕ್ಲೀನರ್ ಆ್ಯಪ್ ಅಳಿಸಿದ ವಾಟ್ಸ್‌ಆ್ಯಪ್ ಫೋಲ್ಡರ್

ಫೋನಿನಲ್ಲಿ ಜಾಗ ಮಾಡಿಕೊಡುವ ಕ್ಲೀನರ್ ಆ್ಯಪ್‌ಗಳು ಯಾವುದು ಬೇಕಾದ ಫೈಲ್, ಯಾವುದು ಬೇಡವಾದದ್ದು ಎಂಬುದನ್ನು ಹೆಚ್ಚಾಗಿ ಹೆಸರು, ಗಾತ್ರ, ತಾರೀಕು ಮತ್ತು ಇರುವ ಜಾಗ ನೋಡಿಯೇ ಊಹಿಸುತ್ತವೆ. ಆ ಊಹೆ ತಪ್ಪಿದಾಗ ಹೆಚ್ಚು ಪೆಟ್ಟು ತಿನ್ನುವುದು ಆಂಡ್ರಾಯ್ಡ್ ಫೋನುಗಳಲ್ಲಿರುವ ವಾಟ್ಸ್‌ಆ್ಯಪ್ ಫೋಲ್ಡರ್. ಅದರ ವಿಳಾಸ ಹೀಗಿದೆ:

```
Android/media/com.whatsapp/WhatsApp
```

ಇದರೊಳಗೆ Media ಎಂಬ ಫೋಲ್ಡರಿನಲ್ಲಿ ಫೋಟೊ, ವಿಡಿಯೊ, ಧ್ವನಿ ಸಂದೇಶಗಳಿರುತ್ತವೆ. Databases ಎಂಬುದರಲ್ಲಿ ಮಾತುಕತೆಗಳ ಬ್ಯಾಕಪ್ ಪ್ರತಿಗಳಿರುತ್ತವೆ. ವಾಟ್ಸ್‌ಆ್ಯಪ್ ದಿನವೂ ನಸುಕಿನ 2 ಗಂಟೆಯ ಹೊತ್ತಿಗೆ ಒಂದು ಪ್ರತಿ ತೆಗೆದು, ಸುಮಾರು ಒಂದು ವಾರದಷ್ಟನ್ನು ಇಟ್ಟುಕೊಳ್ಳುತ್ತದೆ. ಅವುಗಳ ಹೆಸರು msgstore-2025-03-09.1.db.crypt14 ಎಂಬ ಮಾದರಿಯಲ್ಲಿರುತ್ತದೆ. ಕ್ಲೀನರ್ ಕಣ್ಣಿಗೆ ಇದು ಗುರುತಿಲ್ಲದ ಜಾತಿಯ ಫೈಲ್. ಅದೇ ಹೆಸರಿನ, ಹೆಚ್ಚುಕಡಿಮೆ ಅದೇ ಗಾತ್ರದ ಇನ್ನೂ ಆರೇಳು ಪಕ್ಕದಲ್ಲೇ ಕುಳಿತಿವೆ. ‘ಹಳೆಯ ಬ್ಯಾಕಪ್’ ಅಥವಾ ‘ಅನಗತ್ಯ’ ಎಂಬ ಪಟ್ಟಿಗೆ ಅದು ಸೇರಿಬಿಡಲು ಇಷ್ಟು ಸಾಕು. ಬಳಕೆದಾರರು ಒಪ್ಪಿಗೆ ಒತ್ತುತ್ತಾರೆ.

ಅಳಿಸಿಹೋದದ್ದು ಗೊತ್ತಾದ ಕೂಡಲೇ ಮುಖ್ಯವಾಗಿ ನೋಡಬೇಕಾದದ್ದು ಏನು ಉಳಿದಿದೆ ಎಂಬುದನ್ನು. ಚಾಲ್ತಿಯಲ್ಲಿರುವ ಮಾತುಕತೆಗಳು ಮೇಲೆ ಹೇಳಿದ ಫೋಲ್ಡರಿನಲ್ಲಿ ಇರುವುದೇ ಇಲ್ಲ. ಅವು ಇರುವುದು ಬೇರೆ ಆ್ಯಪ್‌ಗಳಿಗೆ ಪ್ರವೇಶವಿಲ್ಲದ, ವಾಟ್ಸ್‌ಆ್ಯಪ್‌ನ ಸ್ವಂತ ಒಳಕೋಣೆಯಲ್ಲಿ. ಹಾಗಾಗಿ ಕ್ಲೀನರ್ ಓಡಿದ ಮೇಲೂ ಸಂದೇಶಗಳು ಎಂದಿನಂತೆ ಕಾಣುತ್ತವೆ. ಫೋಟೊಗಳು ಮಾತ್ರ ಮಬ್ಬಾಗಿ, ಮೇಲೊಂದು ಡೌನ್‌ಲೋಡ್ ಬಾಣದೊಂದಿಗೆ ತೋರುತ್ತವೆ. ಗಾಬರಿಯಲ್ಲಿ ಹಲವರು ಇಲ್ಲೇ ಎಡವುತ್ತಾರೆ. ‘ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದರೆ ಸರಿಹೋಗುತ್ತದೆ’ ಎಂಬ ಸಲಹೆ ಯಾರಿಂದಲೋ ಬರುತ್ತದೆ, ಅದನ್ನು ಪಾಲಿಸಿದ ಕ್ಷಣ ಒಳಕೋಣೆಯೂ ಅಳಿದುಹೋಗುತ್ತದೆ. ಕ್ಲೀನರ್ ಮುಟ್ಟಲಾಗದ್ದನ್ನು ಬಳಕೆದಾರರೇ ಅಳಿಸಿಕೊಂಡಂತಾಗುತ್ತದೆ.

ಒಂದು ಉದಾಹರಣೆ ನೋಡಬಹುದು. ದಾವಣಗೆರೆಯ ಹೊಲಿಗೆ ಅಂಗಡಿಯ ಒಡತಿಯೊಬ್ಬರು ಭಾನುವಾರ ರಾತ್ರಿ 9ಕ್ಕೆ ಕ್ಲೀನರ್ ಓಡಿಸುತ್ತಾರೆ ಎಂದುಕೊಳ್ಳೋಣ. 6 ಜಿಬಿ ಜಾಗ ಸಿಕ್ಕಿತು. ಗಿರಾಕಿಗಳು ಕಳಿಸಿದ್ದ ಬ್ಲೌಸ್ ವಿನ್ಯಾಸದ ಫೋಟೊಗಳೂ ಅಳತೆ ಚೀಟಿಗಳೂ ಹೋದವು. ಅವರ ಫೋನು ಪ್ರತಿ ರಾತ್ರಿ ಗೂಗಲ್ ಖಾತೆಗೆ ವಾಟ್ಸ್‌ಆ್ಯಪ್ ಬ್ಯಾಕಪ್ ಕಳಿಸುತ್ತದೆ. ಇದು ಅನುಕೂಲವೂ ಹೌದು, ಅಪಾಯವೂ ಹೌದು. ಏಕೆಂದರೆ ಹೊಸ ಬ್ಯಾಕಪ್ ಹಳೆಯದರ ಮೇಲೆಯೇ ಬರೆಯುತ್ತದೆ, ಅದಕ್ಕೂ ಹಿಂದಿನದಕ್ಕೆ ಮರಳಲು ದಾರಿಯಿಲ್ಲ. ನಸುಕಿನ 2 ಗಂಟೆಗೆ ಫೋಟೊಗಳಿಲ್ಲದ ಬ್ಯಾಕಪ್ ಹೊರಟರೆ ಇರುವ ಒಂದೇ ಒಳ್ಳೆಯ ಪ್ರತಿಯೂ ಕೈತಪ್ಪುತ್ತದೆ. ಅವರ ಕೈಯಲ್ಲಿರುವುದು ಐದು ಗಂಟೆ.

ಆದ್ದರಿಂದ ಅವರು ಮೊದಲು ಮೊಬೈಲ್ ಡೇಟಾ, ವೈಫೈ ಎರಡನ್ನೂ ಆಫ್ ಮಾಡಬೇಕು. ನಂತರ ವಾಟ್ಸ್‌ಆ್ಯಪ್‌ನಲ್ಲಿ Settings, Chats, Chat backup ತೆರೆದು, ಗೂಗಲ್ ಬ್ಯಾಕಪ್ ಎಷ್ಟು ದಿನಕ್ಕೊಮ್ಮೆ ಎಂಬಲ್ಲಿ Never ಆರಿಸಬೇಕು. ಅದೇ ಪುಟದಲ್ಲಿ ಕೊನೆಯ ಬ್ಯಾಕಪ್ ಆದ ಸಮಯ ಮತ್ತು ಗಾತ್ರ ಕಾಣುತ್ತದೆ. ಗಾತ್ರ ಜಿಬಿಗಳಲ್ಲಿದ್ದರೆ ಅದರಲ್ಲಿ ಫೋಟೊಗಳೂ ಇವೆ ಎಂದು ನಂಬಬಹುದು. ಕೆಲವೇ ಎಂಬಿಯಾಗಿದ್ದರೆ ಬರೀ ಸಂದೇಶಗಳು. ಸೆಟ್ಟಿಂಗ್ ಬದಲಾದ ಮೇಲೆ ಇಂಟರ್ನೆಟ್ ಆನ್ ಮಾಡಿಕೊಳ್ಳಬಹುದು. ಗೂಗಲ್‌ಗೆ ಹೋಗುವ ಬ್ಯಾಕಪ್ ನಿಂತಿರುವುದರಿಂದ, ಈಗ Back up ಒತ್ತಿದರೆ ಅಳಿದುಹೋಗಿದ್ದ Databases ಫೋಲ್ಡರ್ ಫೋನಿನಲ್ಲೇ ಮತ್ತೆ ಹುಟ್ಟುತ್ತದೆ. ಇಡೀ WhatsApp ಫೋಲ್ಡರನ್ನು ಕಂಪ್ಯೂಟರಿಗೆ ನಕಲು ಮಾಡಿಕೊಳ್ಳುವುದು ಕ್ಷೇಮ.

ಬ್ಯಾಕಪ್‌ನಿಂದ ಎಲ್ಲವನ್ನೂ ಇಳಿಸಿಕೊಳ್ಳುವ ಮುನ್ನ ಸುಲಭದ ದಾರಿಗಳನ್ನು ನೋಡಿಬಿಡಬೇಕು. ಕೆಲವು ಕ್ಲೀನರ್‌ಗಳು ತಮ್ಮದೇ ಕಸದಬುಟ್ಟಿ ಇಟ್ಟುಕೊಂಡಿರುತ್ತವೆ. ಸಿಟ್ಟಿನಲ್ಲಿ ಆ್ಯಪ್ ಕಿತ್ತೆಸೆದರೆ ಆ ಬುಟ್ಟಿಯೂ ಹೋಗಬಹುದು, ಹಾಗಾಗಿ ಅದನ್ನು ಮೊದಲು ತೆರೆದು ನೋಡಬೇಕು. ಗ್ಯಾಲರಿಯ ಟ್ರ್ಯಾಶ್‌ನಲ್ಲಿ ಸಾಮಾನ್ಯವಾಗಿ 30 ದಿನ ಫೋಟೊಗಳು ಉಳಿಯುತ್ತವೆ. ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಿದ್ದವು ಅದರ ಟ್ರ್ಯಾಶ್‌ನಲ್ಲಿ 60 ದಿನ ಇರುತ್ತವೆ. ಆದರೆ ಕ್ಲೀನರ್ ಫೈಲನ್ನು ನೇರವಾಗಿ ಅಳಿಸಿದ್ದರೆ ಫೋನಿನ ಟ್ರ್ಯಾಶ್ ಖಾಲಿಯೇ ಇರುತ್ತದೆ. ಇತ್ತೀಚೆಗೆ ಬಂದ ಫೋಟೊಗಳ ಡೌನ್‌ಲೋಡ್ ಬಾಣ ಒತ್ತಿ ನೋಡಬೇಕು. ಸರ್ವರಿನಲ್ಲಿ ಇನ್ನೂ ಇದ್ದರೆ ಇಳಿಯುತ್ತದೆ, ಇಲ್ಲದಿದ್ದರೆ ಕಳಿಸಿದವರನ್ನೇ ಮತ್ತೊಮ್ಮೆ ಕೇಳಬೇಕು. ಅಂಗಡಿಯ ಕಂಪ್ಯೂಟರಿನಲ್ಲಿ ಅದೇ ವಾಟ್ಸ್‌ಆ್ಯಪ್ ಜೋಡಿಸಿದ್ದರೆ ಅಲ್ಲಿ ತೆರೆದಿದ್ದ ಫೋಟೊಗಳು ಅಲ್ಲೇ ಸಿಗುವ ಸಂಭವವೂ ಉಂಟು.

ಇವೆಲ್ಲ ಸಾಲದಿದ್ದಾಗ ಮಾತ್ರ ಕೊನೆಯ ಹೆಜ್ಜೆ: ವಾಟ್ಸ್‌ಆ್ಯಪ್ ತೆಗೆದು, ಅದೇ ನಂಬರ್ ಮತ್ತು ಅದೇ ಗೂಗಲ್ ಖಾತೆಯೊಂದಿಗೆ ಮತ್ತೆ ಹಾಕಿ, Restore ಒತ್ತುವುದು. ಸಂದೇಶಗಳು ಮೊದಲು ಬರುತ್ತವೆ, ಫೋಟೊಗಳು ವೈಫೈನಲ್ಲಿ ಹಿಂದಿನಿಂದ ನಿಧಾನವಾಗಿ ಇಳಿಯುತ್ತವೆ. ಇದಕ್ಕೊಂದು ಬೆಲೆಯಿದೆ. ಬ್ಯಾಕಪ್ ಆದ ಮೇಲೆ ಬಂದ ಸಂದೇಶಗಳು ಅದರಲ್ಲಿರುವುದಿಲ್ಲ. ದಾವಣಗೆರೆಯ ಉದಾಹರಣೆಯಲ್ಲಿ ಅದು ಭಾನುವಾರದ ಒಂದು ಹಗಲಿನ ಮಾತುಕತೆ. ಮುಖ್ಯವಾದದ್ದನ್ನು Export chat ಮೂಲಕ ಇಮೇಲ್‌ಗೆ ಕಳಿಸಿಟ್ಟುಕೊಂಡರೆ ನಷ್ಟ ಕಡಿಮೆ.

ಬ್ಯಾಕಪ್ಪೇ ಇಲ್ಲದವರು ‘ಅಳಿಸಿದ ಫೋಟೊ ಮರಳಿಸುವ’ ಆ್ಯಪ್‌ಗಳ ಮೊರೆ ಹೋಗುತ್ತಾರೆ. ಫೋನಿನ ಒಳಸಂಗ್ರಹದಿಂದ ಅಳಿಸಿಹೋದದ್ದನ್ನು ಇವು ತರುವುದು ತೀರಾ ಅಪರೂಪ. ಈಗಿನ ಫೋನುಗಳಲ್ಲಿ ಒಳಸಂಗ್ರಹ ಗೂಢಲಿಪಿಯಲ್ಲಿರುತ್ತದೆ, ಅಳಿಸಿದ ಜಾಗವನ್ನು ಫೋನೇ ಆಗಾಗ ಒರೆಸಿ ಹಾಕುತ್ತದೆ. ಆ್ಯಪ್ ತೋರಿಸುವುದು ಬಹುಪಾಲು ಎಲ್ಲೋ ಉಳಿದ ಪುಟ್ಟ ಪ್ರತಿಗಳನ್ನು. ದೊಡ್ಡದು ಮಾಡಿದರೆ ಮಸುಕು. ಹಣ ಕಟ್ಟಿಸಿಕೊಂಡು ಅದನ್ನೇ ಕೊಡುವವರೂ ಇದ್ದಾರೆ. ಫೋಟೊಗಳು ಮೆಮೊರಿ ಕಾರ್ಡಿನಲ್ಲಿದ್ದರೆ ಮಾತು ಬೇರೆ. ಸಾಮಾನ್ಯ ರೀತಿಯಲ್ಲಿ ಬಳಸುತ್ತಿದ್ದ ಕಾರ್ಡನ್ನು ಕೂಡಲೇ ಹೊರತೆಗೆದು, ಏನೂ ಹೊಸದಾಗಿ ಬರೆಯದೆ, ಕಾರ್ಡ್ ರೀಡರ್ ಮೂಲಕ ಕಂಪ್ಯೂಟರಿಗೆ ಜೋಡಿಸಿ PhotoRec ಎಂಬ ಉಚಿತ ತಂತ್ರಾಂಶ ಓಡಿಸಬಹುದು. ಹಳೆಯ ಹೆಸರುಗಳು ಹೋಗುತ್ತವೆ. ಚಿತ್ರಗಳು ಸಾಕಷ್ಟು ಸಿಗುತ್ತವೆ. ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಉಳಿಸಬಾರದು.

ಜಾಗದ ಕೊರತೆಗೆ ವಾಟ್ಸ್‌ಆ್ಯಪ್‌ನದೇ Manage storage ಪುಟ ಸಾಕು. ಯಾವ ಮಾತುಕತೆ ಎಷ್ಟು ಜಾಗ ತಿಂದಿದೆ ಎಂದು ಅದು ತೋರಿಸುತ್ತದೆ, ಅಳಿಸುವ ಮುನ್ನ ಒಂದೊಂದನ್ನೂ ತೆರೆದು ನೋಡಬಹುದು. ಆಂಡ್ರಾಯ್ಡ್ 11 ಬಂದ ಮೇಲೆ ಇಡೀ ಸಂಗ್ರಹಕ್ಕೆ ಕೈಹಾಕಲು ಕ್ಲೀನರ್ ಆ್ಯಪ್‌ಗೆ All files access ಎಂಬ ವಿಶೇಷ ಅನುಮತಿ ಬೇಕು. ಫೋನಿನ ಸೆಟ್ಟಿಂಗ್ಸ್‌ನಲ್ಲಿ Special app access ತೆರೆದು ಆ ಅನುಮತಿ ಯಾರ್ಯಾರಿಗೆ ಕೊಟ್ಟಿದೆ ಎಂದು ಇಂದೇ ನೋಡಿ, ಬೇಡದವರಿಂದ ಹಿಂದಕ್ಕೆ ಪಡೆಯಿರಿ.