ನಲವತ್ತು ಸ್ಲೈಡುಗಳಿಂದ ಎರಡು ಪುಟಕ್ಕೆ

ಪರೀಕ್ಷೆ ಹತ್ತಿರ ಬಂದಾಗ ತರಗತಿಯಲ್ಲಿ ತೋರಿಸಿದ ಸ್ಲೈಡುಗಳನ್ನು ಎರಡು ಪುಟಕ್ಕೆ ಇಳಿಸಿಕೊಳ್ಳಬೇಕೆಂದು ಅನೇಕರು ಪ್ರಯತ್ನಿಸುತ್ತಾರೆ. ಕೆಲವರು ಪುಟಕ್ಕೆ ಇಪ್ಪತ್ತರಂತೆ ಸ್ಲೈಡುಗಳನ್ನು ಚಿಕ್ಕದಾಗಿ ಮುದ್ರಿಸಿಕೊಳ್ಳುತ್ತಾರೆ. ಅದನ್ನು ಓದಲು ಭೂತಗನ್ನಡಿಯೇ ಬೇಕು. ಇನ್ನು ಕೆಲವರು ಪ್ರತಿ ಸ್ಲೈಡಿನಿಂದ ಒಂದೊಂದು ಸಾಲನ್ನು ನಕಲು ಮಾಡುತ್ತಾರೆ. ಆಗ ಮುಖ್ಯವಾದದ್ದಕ್ಕೂ ಅಮುಖ್ಯವಾದದ್ದಕ್ಕೂ ಒಂದೇ ಅಳತೆಯ ಜಾಗ ಸಿಗುತ್ತದೆ. ಹಾಗಾದರೆ ಸರಿಯಾದ ಕ್ರಮ ಯಾವುದು? ಪಿ.ಯು.ಸಿ. ಜೀವಶಾಸ್ತ್ರದ ದ್ಯುತಿಸಂಶ್ಲೇಷಣೆಯ ಪಾಠವನ್ನೇ ಉದಾಹರಣೆಯಾಗಿ ತೆಗೆದುಕೊಂಡು ನೋಡೋಣ.

ಮೊದಲ ಕೆಲಸ ವಿಂಗಡಣೆ. ಇಂಥ ಪಾಠದ ನಲವತ್ತು ಸ್ಲೈಡುಗಳಲ್ಲಿ ಶೀರ್ಷಿಕೆ, ಮುನ್ನೋಟ, ವಂದನೆಗಳಿಗೆ 4 ಹೋದವು ಎಂದುಕೊಳ್ಳಿ. ಒಂದೇ ಚಿತ್ರವನ್ನು ಹಂತಹಂತವಾಗಿ ಬೆಳೆಸುವ ಸ್ಲೈಡುಗಳು 8. ಅವುಗಳಲ್ಲಿ ಕೊನೆಯದು ಮಾತ್ರ ಸಾಕು. ಹಳೆಯ ಪ್ರಯೋಗಗಳು 7, ಕ್ಲೋರೋಪ್ಲಾಸ್ಟಿನ ರಚನೆ 5, ಬೆಳಕಿನ ಕ್ರಿಯೆ 7, ಕ್ಯಾಲ್ವಿನ್ ಚಕ್ರ 5, ಉಳಿದ ವಿಷಯಗಳು 4. ಹೀಗೆ ಎಣಿಸಿದಾಗ, ಪಾಠದ ಬೆನ್ನೆಲುಬು ರಚನೆ, ಬೆಳಕಿನ ಕ್ರಿಯೆ, ಕ್ಯಾಲ್ವಿನ್ ಚಕ್ರ ಎಂಬ ಮೂರೇ ಭಾಗಗಳೆಂದು ತಿಳಿಯುತ್ತದೆ. ಮೊದಲನೆಯ ಪುಟ ಪೂರ್ತಿ ಇವಕ್ಕೇ ಮೀಸಲು.

ಈ ಮೂರನ್ನೂ ಒಂದೇ ಚಿತ್ರದಲ್ಲಿ ಸೇರಿಸಬಹುದು. ದೊಡ್ಡದೊಂದು ಕ್ಲೋರೋಪ್ಲಾಸ್ಟನ್ನು ಬರೆದು ಅದರಲ್ಲಿ ಎರಡು ಭಾಗ ಗುರುತಿಸಿ. ಒಂದು, ತಟ್ಟೆಗಳನ್ನು ಪೇರಿಸಿಟ್ಟಂತಿರುವ ಗ್ರಾನಾ. ಇನ್ನೊಂದು, ಸುತ್ತಲಿನ ದ್ರವಭಾಗವಾದ ಸ್ಟ್ರೋಮಾ. ಗ್ರಾನಾದೊಳಕ್ಕೆ ಬೆಳಕು ಮತ್ತು ನೀರಿನ ಬಾಣ, ಹೊರಕ್ಕೆ ಆಮ್ಲಜನಕದ ಬಾಣ. ಅಲ್ಲಿಂದ ಸ್ಟ್ರೋಮಾಕ್ಕೆ ಎ.ಟಿ.ಪಿ. ಮತ್ತು ಎನ್.ಎ.ಡಿ.ಪಿ.ಎಚ್. ಹೋಗುತ್ತವೆ. ಸ್ಟ್ರೋಮಾದಲ್ಲಿ ರುಬಿಸ್ಕೊ ಎಂಬ ಕಿಣ್ವವು ಇಂಗಾಲದ ಡೈಆಕ್ಸೈಡನ್ನು ಐದು ಇಂಗಾಲದ ಅಣುವಿಗೆ ಸೇರಿಸಿ, ಮೂರು ಇಂಗಾಲದ ಎರಡು ಅಣುಗಳನ್ನು ಕೊಡುತ್ತದೆ. ಬಳಕೆಯಾದ ಎ.ಡಿ.ಪಿ. ಮತ್ತು ಎನ್.ಎ.ಡಿ.ಪಿ. ಗ್ರಾನಾಕ್ಕೆ ಮರಳುವ ಬಾಣವನ್ನೂ ತಪ್ಪದೆ ಹಾಕಬೇಕು.

ಈ ಕೊನೆಯ ಬಾಣದ ಮಹತ್ವವೇನು? ಸ್ಲೈಡಿನಲ್ಲಿ ‘ಕತ್ತಲ ಕ್ರಿಯೆ’ ಎಂಬ ಶೀರ್ಷಿಕೆ ಮಾತ್ರ ಇರುತ್ತದೆ. ‘ಇದು ರಾತ್ರಿ ನಡೆಯುವ ಕ್ರಿಯೆ ಎಂದು ತಿಳಿಯಬೇಡಿ’ ಎಂದು ಅಧ್ಯಾಪಕರು ಬಾಯಿಮಾತಿನಲ್ಲಿ ಹೇಳಿರುತ್ತಾರೆ. ಸ್ಲೈಡನ್ನು ಮಾತ್ರ ಸಂಗ್ರಹಿಸಿದವರಿಗೆ ಆ ಎಚ್ಚರಿಕೆ ತಪ್ಪಿಹೋಗುತ್ತದೆ. ಬಾಣವಿದ್ದರೆ ಕಾರಣ ಕಣ್ಣಿಗೇ ಕಾಣುತ್ತದೆ: ಬೆಳಕು ನಿಂತರೆ ಎ.ಟಿ.ಪಿ. ಬರುವುದು ನಿಲ್ಲುತ್ತದೆ, ಸ್ವಲ್ಪದರಲ್ಲೇ ಸ್ಟ್ರೋಮಾದ ಕೆಲಸವೂ ನಿಲ್ಲುತ್ತದೆ. ಆದ್ದರಿಂದ ಸ್ಲೈಡಿನ ಪಕ್ಕದಲ್ಲಿ ತರಗತಿಯ ನೋಟ್ಸನ್ನೂ ಇಟ್ಟುಕೊಂಡು, ‘ಏಕೆಂದರೆ’ ಎಂದು ಆರಂಭವಾಗುವ ಮಾತುಗಳನ್ನು ಹುಡುಕಿ ಸೇರಿಸಬೇಕು. ‘ಆಮ್ಲಜನಕ ಬರುವುದು ನೀರಿನಿಂದ, ಇಂಗಾಲದ ಡೈಆಕ್ಸೈಡಿನಿಂದಲ್ಲ’ ಎಂಬುದು ಅಂಥದೇ ಇನ್ನೊಂದು ಸಾಲು.

ಸಂಖ್ಯೆಗಳ ವಿಷಯದಲ್ಲಿ ಒಂದು ನಿಯಮವಿದೆ: ಲೆಕ್ಕದಿಂದ ಪಡೆಯಬಹುದಾದುದನ್ನು ಬರೆಯಬೇಡಿ. ಒಂದು ಇಂಗಾಲದ ಡೈಆಕ್ಸೈಡಿಗೆ 3 ಎ.ಟಿ.ಪಿ., 2 ಎನ್.ಎ.ಡಿ.ಪಿ.ಎಚ್. ಬೇಕು ಎಂಬ ಒಂದೇ ಸಾಲು ಸಾಕು. ಆರು ಇಂಗಾಲದ ಗ್ಲೂಕೋಸಿಗೆ ಅದನ್ನು ಆರರಿಂದ ಗುಣಿಸಿದರೆ 18 ಮತ್ತು 12 ತಾನಾಗಿಯೇ ಸಿಗುತ್ತವೆ.

ಎರಡನೆಯ ಪುಟದಲ್ಲಿ ಹೋಲಿಕೆಯ ಪಟ್ಟಿ ಬರಲಿ. ಸಿ-3 ಸಸ್ಯಗಳಾದ ಭತ್ತ, ಗೋಧಿ ಒಂದು ಕಡೆ. ಸಿ-4 ಸಸ್ಯಗಳಾದ ಕಬ್ಬು, ಮುಸುಕಿನ ಜೋಳ ಇನ್ನೊಂದು ಕಡೆ. ಹಳೆಯ ಪ್ರಯೋಗಗಳ ಏಳು ಸ್ಲೈಡುಗಳನ್ನು, ಪ್ರಯೋಗಕ್ಕೆ ಒಂದು ಸಾಲಿನಂತೆ, ಕಂಡುಕೊಂಡದ್ದನ್ನು ಮಾತ್ರ ಬರೆದು ಮುಗಿಸಬಹುದು. ಪ್ರೀಸ್ಟ್ಲಿಯವರ ಪ್ರಯೋಗದಲ್ಲಿ, ಉರಿಯುವ ಮೇಣದ ಬತ್ತಿ ಕೆಡಿಸಿದ ಗಾಳಿಯನ್ನು ಪುದೀನ ಗಿಡ ಸರಿಪಡಿಸಿತು. ಅದಕ್ಕೆ ಬೆಳಕೂ ಹಸಿರು ಭಾಗವೂ ಬೇಕೆಂದು ಇಂಗೆನ್‌ಹೌಸ್ ತೋರಿಸಿದರು. ಪುಟದ ಕೊನೆಯ ಕಾಲುಭಾಗವನ್ನು ಖಾಲಿ ಬಿಡಿ.

ಆ ಖಾಲಿ ಜಾಗ ಪರೀಕ್ಷಿಸಿಕೊಳ್ಳುವುದಕ್ಕೆ. ಹಾಳೆಯನ್ನು ಮಗುಚಿಟ್ಟು, ಮೊದಲ ಪುಟದ ಚಿತ್ರವನ್ನು ಬೇರೆ ಕಾಗದದ ಮೇಲೆ ನೆನಪಿನಿಂದ ಬರೆಯಿರಿ. ಬಿಟ್ಟುಹೋದ ಬಾಣ, ತಪ್ಪಾದ ಹೆಸರು ಯಾವುವೋ ಅವನ್ನು ಅಲ್ಲಿ ಬರೆದುಕೊಳ್ಳಿ. ನಂತರ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ತೆಗೆದು, ಈ ಪಾಠದ ಪ್ರತಿ ಪ್ರಶ್ನೆಗೂ ಉತ್ತರದ ಎಳೆ ಹಾಳೆಯಲ್ಲಿದೆಯೇ ಎಂದು ನೋಡಿ. ಯಾವ ಪ್ರಶ್ನೆಗೂ ಬಾರದ ಸಾಲನ್ನು ಹೊಡೆದುಹಾಕಿದರೆ ಬೇಕಾದದ್ದಕ್ಕೆ ಜಾಗವಾಗುತ್ತದೆ.

ಇನ್ನೊಬ್ಬರು ಮಾಡಿದ ಹಾಳೆಯ ಪ್ರತಿ ತೆಗೆಸಿಕೊಂಡರೆ ಸಾಲದೇ ಎಂದು ನೀವು ಕೇಳಬಹುದು. ಪಾಠವನ್ನು ಕೇಳಿ ಅರ್ಥಮಾಡಿಕೊಂಡವರಿಗೆ ಆ ಎರಡು ಪುಟ ನೆನಪಿನ ಕೊಂಡಿ. ಪಾಠವನ್ನೇ ಕೇಳದವರಿಗೆ ಅದು ಬಾಣಗಳ ಗೋಜಲು. ಅವರು ಮೊದಲು ಪಠ್ಯಪುಸ್ತಕದ ಆ ಅಧ್ಯಾಯವನ್ನು ಓದಿ, ಆಮೇಲೆ ತಮ್ಮ ಹಾಳೆಯನ್ನು ತಾವೇ ಬರೆಯಬೇಕು.